ಔಷಧ ಮಾರುವವನ ವಿಳಾಸ

ಮನೆಯಲ್ಲಿ ಕುಳಿತು ಮೊಬೈಲಿನಲ್ಲಿಯೇ ಔಷಧವನ್ನು ತರಿಸಿಕೊಳ್ಳುವ ಪದ್ಧತಿಯು ನಮ್ಮ ಪಟ್ಟಣಗಳಲ್ಲಿ ಈಗ ಸರ್ವಸಾಧಾರಣವಾಗಿದೆ. ರಕ್ತದ ಒತ್ತಡಕ್ಕೋ ಸಕ್ಕರೆಯ ಕಾಯಿಲೆಗೋ ತಿಂಗಳು ತಿಂಗಳೂ ಒಂದೇ ಮದ್ದನ್ನು ಕೊಳ್ಳತಕ್ಕ ಸಂಸಾರಗಳಿಗೆ ಇದರಿಂದ ಸೌಕರ್ಯವೂ ಉಂಟು, ಹಣದ ಉಳಿತಾಯವೂ ಉಂಟು. ಊರಿನ ಅಂಗಡಿಯಲ್ಲಿ ದೊರೆಯದ ಔಷಧವು ದೂರದ ಊರಿನಿಂದ ಬಂದು ಕೈಸೇರುವುದೂ ಉಂಟು. ಈ ಅನುಕೂಲಗಳನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಮಾರುವವನ ಮುಖವು ಕಾಣದಿರುವಲ್ಲಿ ಕೊಳ್ಳುವವನು ಕೇಳಬೇಕಾದ ಪ್ರಶ್ನೆ ಯಾವುದೆಂಬುದನ್ನು ನಮ್ಮ ವಿದ್ಯಾವಂತರೂ ಸರಿಯಾಗಿ ಅರಿತಂತೆ ತೋರುವುದಿಲ್ಲ. ಆದಕಾರಣ ಈ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಲು ಬಯಸುತ್ತೇವೆ.

“ಈ ಆಪಿಗೆ ಸರ್ಕಾರದ ಲೈಸೆನ್ಸು ಇದೆಯೆ?” ಎಂದು ಸಾಮಾನ್ಯವಾಗಿ ಜನರು ಕೇಳುತ್ತಾರೆ. ಪ್ರಶ್ನೆಯು ನೋಡುವುದಕ್ಕೆ ಯುಕ್ತವಾಗಿಯೇ ಇದೆ. ಆದರೆ ನಮ್ಮ ದೇಶದ ಕಾನೂನಿನ ಮುಂದೆ ಅದಕ್ಕೆ ಅರ್ಥವಿಲ್ಲ. ಔಷಧದ ಮಾರಾಟವನ್ನು ನಿಯಂತ್ರಿಸತಕ್ಕ ಶಾಸನವು 1940ನೆಯ ಇಸವಿಯದು. ಅದರ ನಿಯಮಗಳು 1945ರವು. ಅವು ಹುಟ್ಟಿದ ಕಾಲದಲ್ಲಿ ಅಂಗಡಿಯೆಂದರೆ ಬೀದಿಯಲ್ಲಿ ಬಾಗಿಲು ತೆರೆದು ಕುಳಿತ ಅಂಗಡಿಯೇ. ಆದುದರಿಂದ ಲೈಸೆನ್ಸು ಸಿಕ್ಕುವುದು ಒಂದು ಊರಿನ, ಒಂದು ಕಟ್ಟಡದ, ಒಬ್ಬ ನೋಂದಾಯಿತ ಫಾರ್ಮಸಿಸ್ಟನ ಮೇಲ್ವಿಚಾರಣೆಯಲ್ಲಿರುವ ಅಂಗಡಿಗೆ. ಜಾಲತಾಣಕ್ಕೆಂದು, ಆಪಿಗೆಂದು ಬೇರೆ ಲೈಸೆನ್ಸನ್ನು ಏರ್ಪಡಿಸುವ ಕರಡು ನಿಯಮಗಳನ್ನು ಕೇಂದ್ರ ಸರ್ಕಾರದವರು 2018ರ ಆಗಸ್ಟಿನಲ್ಲಿ ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ಹೈಕೋರ್ಟು ಲೈಸೆನ್ಸಿಲ್ಲದೆ ಆನ್‌ಲೈನಿನಲ್ಲಿ ಔಷಧ ಮಾರುವುದನ್ನು ತಡೆಯುವಂತೆ ಆಜ್ಞೆ ಮಾಡಿತು. ಆ ಬಳಿಕ ವರ್ಷಗಳು ಉರುಳಿದುವು. ಕರಡು ಕರಡಾಗಿಯೇ ಉಳಿಯಿತು.

2020ರ ಮಾರ್ಚಿನಲ್ಲಿ ಕೋವಿಡ್ ಪಿಡುಗಿನ ಕಾಲಕ್ಕೆ ಮನೆಬಾಗಿಲಿಗೆ ಔಷಧ ಮುಟ್ಟಿಸಲು ಸರ್ಕಾರದವರು ಹೊರಡಿಸಿದ ಆಜ್ಞೆಯನ್ನು ನೋಡಿದರೂ ಇದೇ ಮಾತು ಸಿದ್ಧವಾಗುತ್ತದೆ. ಆ ಆಜ್ಞೆಯು ಅನುಮತಿಯನ್ನಿತ್ತದ್ದು ಲೈಸೆನ್ಸುಳ್ಳ ಚಿಲ್ಲರೆ ಅಂಗಡಿಗೆ. ಅದೂ ವೈದ್ಯರ ಚೀಟಿಯನ್ನು ಪಡೆದು, ಅದೇ ಕಂದಾಯ ಜಿಲ್ಲೆಯೊಳಗಿನ ರೋಗಿಗೆ ತಲಪಿಸುವುದಕ್ಕೆ. ಅಲ್ಲಿಯೂ ಕಾನೂನಿನ ಕಣ್ಣಿಗೆ ಕಂಡದ್ದು ಅಂಗಡಿಯೇ ಹೊರತು ಜಾಲತಾಣವಲ್ಲ.

ಹೀಗಿರುವಲ್ಲಿ ಕೊಳ್ಳುವವನು ಕೇಳತಕ್ಕ ಪ್ರಶ್ನೆಯೇ ಬೇರೆ. “ಈ ಮಾತ್ರೆಯನ್ನು ನನಗೆ ಬಿಲ್ಲು ಬರೆದು ಮಾರುವ ಅಂಗಡಿ ಯಾವುದು? ಅದು ಯಾವ ಊರಿನ ಯಾವ ಬೀದಿಯಲ್ಲಿದೆ? ಅದರ ಲೈಸೆನ್ಸಿನ ನಂಬರೇನು? ಅಲ್ಲಿನ ಫಾರ್ಮಸಿಸ್ಟ್ ಯಾರು?” ಎಂಬುದೇ ಪ್ರಶ್ನೆ. ಹೆಸರಾಂತ ಆಪುಗಳು ಅನೇಕ ವೇಳೆ ತಾವು ಮಧ್ಯಸ್ಥರು ಮಾತ್ರವೆಂದೂ, ಮಾರುವವರು ಬೇರೆ ಅಂಗಡಿಯವರೆಂದೂ ತಮ್ಮ ನಿಬಂಧನೆಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದುಕೊಂಡಿರುತ್ತವೆ. ಆಪಿನ ಹೆಸರು ದೊಡ್ಡದೆಂದು ನಂಬಿ ಕೊಂಡವನಿಗೆ ತಾನು ಯಾರಿಂದ ಕೊಂಡೆನೆಂಬುದೇ ತಿಳಿದಿರುವುದಿಲ್ಲ. ವ್ಯಾಜ್ಯ ಬಂದ ದಿನ ಆ ಸಣ್ಣ ಅಕ್ಷರಗಳು ದೊಡ್ಡವಾಗುತ್ತವೆ.

ಒಂದು ದೃಷ್ಟಾಂತವನ್ನು ತೆಗೆದುಕೊಂಡು ಈ ವಿಚಾರಣೆಯನ್ನು ಮೊದಲಿನಿಂದ ಕಡೆಯವರೆಗೆ ನಡೆಯಿಸಿ ನೋಡೋಣ. ಹಾಸನದಲ್ಲಿ ನೆಲೆಸಿರುವ ನಿವೃತ್ತ ಶಿರಸ್ತೇದಾರರೊಬ್ಬರು ತಮಗೆ ರಕ್ತದ ಒತ್ತಡದ ಮಾತ್ರೆಯನ್ನೂ, ತಮ್ಮ ಪತ್ನಿಗೆ ಇನ್ಸುಲಿನ್ನನ್ನೂ ತಿಂಗಳಿಗೊಮ್ಮೆ ಕೊಳ್ಳುತ್ತಾರೆಂದು ಭಾವಿಸೋಣ. ಯಾವುದೋ ಒಂದು ಜಾಲತಾಣವು ಎರಡನ್ನೂ ನೂರಕ್ಕೆ 40ರಂತೆ ಬೆಲೆ ಇಳಿಸಿ ಕೊಡುವೆನೆಂದು ಅವರ ಮೊಬೈಲಿಗೆ ಸಂದೇಶ ಕಳುಹಿಸಿದೆ. ಅವರು ಹಣ ಕಟ್ಟುವುದಕ್ಕೆ ಮುಂಚೆ ಮಾಡಬೇಕಾದುದೇನು?

ಮೊದಲನೆಯದಾಗಿ, ಆ ತಾಣವು ವೈದ್ಯರ ಚೀಟಿಯನ್ನು ಕೇಳುತ್ತದೆಯೋ ಇಲ್ಲವೋ ನೋಡಬೇಕು. ಪೊಟ್ಟಣದ ಮೇಲೆ ಆರ್‌ಎಕ್ಸ್ ಎಂಬ ಗುರುತೂ, ನೋಂದಾಯಿತ ವೈದ್ಯರ ಚೀಟಿಯ ಮೇಲೆ ಮಾತ್ರ ಚಿಲ್ಲರೆಯಾಗಿ ಮಾರತಕ್ಕದ್ದೆಂಬ ಎಚ್ಚರಿಕೆಯೂ ಅಚ್ಚಾಗಿರುವ ಔಷಧಗಳು ಷೆಡ್ಯೂಲ್ ಎಚ್ ಎಂಬ ಪಟ್ಟಿಗೆ ಸೇರಿದವು. ಎಚ್‌1 ಎಂಬ ಇನ್ನೊಂದು ಪಟ್ಟಿಯಲ್ಲಿರುವ ಕೆಲವು ಪ್ರಬಲ ಆಂಟಿಬಯಾಟಿಕ್‌ಗಳು, ಕ್ಷಯದ ಮದ್ದುಗಳು ಮುಂತಾದುವುಗಳ ಮೇಲೆ ಈ ಎಚ್ಚರಿಕೆಯು ಕೆಂಪು ಗೆರೆಯ ಚೌಕದೊಳಗೆ ಇರುತ್ತದೆ. ಅವುಗಳ ಮಾರಾಟವನ್ನು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಾಡಬೇಕು. ಇಂಥ ಔಷಧವನ್ನು ಚೀಟಿಯಿಲ್ಲದೆ ಬುಟ್ಟಿಗೆ ಹಾಕಿ ಹಣ ಕಟ್ಟಿಸಿಕೊಳ್ಳುವ ತಾಣವು ಕಾನೂನನ್ನು ಉಲ್ಲಂಘಿಸುತ್ತಿದೆಯೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ. ಚೀಟಿಯನ್ನು ಕೇಳಿದಂತೆ ನಟಿಸಿ, ಯಾವ ಕಾಗದದ ಚಿತ್ರವನ್ನು ಕಳುಹಿಸಿದರೂ ಒಪ್ಪಿಕೊಳ್ಳುವ ತಾಣವೂ ಅದೇ ವರ್ಗದ್ದೇ. ನಿದ್ರೆಯ ಮತ್ತು ಕಳವಳದ ಮಾತ್ರೆಗಳನ್ನು ಒಂದು ನಿಮಿಷದ ದೂರವಾಣಿಯ ಮಾತಿನ ಮೇಲೆ ಕೊಡುವೆನೆನ್ನುವವರ ಹತ್ತಿರ ಸುಳಿಯಲೇಬಾರದು. ದೂರವೈದ್ಯಕ್ಕೆಂದು 2020ರಲ್ಲಿ ವಿಧಿಸಲಾದ ಮಾರ್ಗಸೂಚಿಯು ಅಮಲಿನ ಹಾಗೂ ಮನೋವಿಕಾರಕ ಔಷಧಗಳನ್ನು ಆ ರೀತಿ ಬರೆದುಕೊಡುವುದನ್ನು ನಿಷೇಧಿಸಿದೆ.

ಎರಡನೆಯದಾಗಿ, ತಾಣದ ಅಡಿಭಾಗವನ್ನೂ ನಿಬಂಧನೆಗಳ ಪುಟವನ್ನೂ ಓದಬೇಕು. ಅಲ್ಲಿ ಒಂದು ಇಮೇಲು, ಒಂದು ಮೊಬೈಲ್ ನಂಬರು ಮಾತ್ರವಿದ್ದು ಊರು ಬೀದಿಗಳಿಲ್ಲದಿದ್ದರೆ ನಮ್ಮ ಶಿರಸ್ತೇದಾರರು ಅಷ್ಟಕ್ಕೇ ನಿಲ್ಲಿಸಬಹುದು. ಅಂಗಡಿಯ ಹೆಸರು, ವಿಳಾಸ, ಲೈಸೆನ್ಸಿನ ನಂಬರುಗಳು ಇದ್ದವೆನ್ನೋಣ. ಆಗ ಆ ನಂಬರು ಯಾವ ನಮೂನೆಯದು ಎಂಬುದನ್ನು ಗಮನಿಸಬೇಕು. ಇಲ್ಲಿಯೇ ಅನೇಕರು ಎಡವುವುದು. ಚಿಲ್ಲರೆ ಮಾರಾಟಕ್ಕೆ ಕೊಡುವ ಲೈಸೆನ್ಸು ಮುಖ್ಯವಾಗಿ ಎರಡು ಬಗೆ. ಸಾಧಾರಣ ಮಾತ್ರೆ ಮದ್ದುಗಳಿಗೆ ನಮೂನೆ 20. ಲಸಿಕೆ, ಸೀರಮ್, ಇನ್ಸುಲಿನ್, ಚುಚ್ಚುಮದ್ದು ಮೊದಲಾದ ಪಟ್ಟಿಗೆ ನಮೂನೆ 21. ಶಿರಸ್ತೇದಾರರ ಮಾತ್ರೆಗೆ ಮೊದಲನೆಯದು ಸಾಕು; ಅವರ ಪತ್ನಿಯ ಇನ್ಸುಲಿನ್ನಿಗೆ ಎರಡನೆಯದು ಬೇಕು. ಎರಡೂ ನಂಬರುಗಳು ಕಾಣದಿದ್ದರೆ ಇನ್ಸುಲಿನ್ನನ್ನು ಅಲ್ಲಿ ಕೊಳ್ಳಲಾಗದು. ಇನ್ನು 20ಬಿ, 21ಬಿ ಎಂಬ ನಮೂನೆಗಳು ಕಂಡುಬಂದರೆ ಅವು ಸಗಟು ವ್ಯಾಪಾರದವು. ಸಗಟು ಲೈಸೆನ್ಸಿನವನು ಅಂಗಡಿಗಳಿಗೂ ಆಸ್ಪತ್ರೆಗಳಿಗೂ ಮಾರಬಹುದೇ ಹೊರತು ಚೀಟಿ ಹಿಡಿದ ರೋಗಿಗೆ ಚಿಲ್ಲರೆಯಾಗಿ ಮಾರುವಂತಿಲ್ಲ. ಸಗಟು ನಂಬರನ್ನು ತೋರಿಸಿ “ನಾವು ಲೈಸೆನ್ಸು ಪಡೆದವರು” ಎನ್ನುವವನು ಅಕ್ಷರಶಃ ಸುಳ್ಳು ಹೇಳಿದವನಲ್ಲ. ಆದರೆ ನಮಗೆ ಬೇಕಾದ ಸತ್ಯವನ್ನು ಹೇಳಿದವನೂ ಅಲ್ಲ.

ತಾಣದ ಮೇಲೆ ಮುದ್ರೆಗಳು, ಪದಕಗಳು, “ಪ್ರಮಾಣಿತ” ಎಂಬ ಹಸಿರು ಗುರುತುಗಳು ಇರುತ್ತವೆಯಲ್ಲ ಎಂದು ಕೆಲವರು ಕೇಳಬಹುದು. ಯೂರೋಪಿನ ಒಕ್ಕೂಟದಲ್ಲಿ 2015ರಿಂದ ಔಷಧ ಮಾರುವ ತಾಣಗಳಿಗೆಲ್ಲ ಒಂದೇ ಬಗೆಯ ಲಾಂಛನವನ್ನು ಕಡ್ಡಾಯ ಮಾಡಿದ್ದಾರೆ. ಅದನ್ನು ಒತ್ತಿದರೆ ಆಯಾ ದೇಶದ ಸರ್ಕಾರದ ರಿಜಿಸ್ಟರು ತೆರೆದು ಆ ಅಂಗಡಿಯ ಹೆಸರು ಅಲ್ಲಿ ಕಾಣಬೇಕು. ಲಾಂಛನವು ಕೇವಲ ಚಿತ್ರವಾಗಿದ್ದು ಒತ್ತಿದರೆ ಎಲ್ಲಿಗೂ ಒಯ್ಯದಿದ್ದರೆ ಅದು ಕಳ್ಳ ಲಾಂಛನವೆಂದು ಅಲ್ಲಿನವರು ತಿಳಿಯುತ್ತಾರೆ. ನಮ್ಮಲ್ಲಿ ಅಂಥ ಸರ್ಕಾರಿ ಲಾಂಛನವೇ ಇಲ್ಲವಾದುದರಿಂದ ನಮ್ಮ ತಾಣಗಳ ಮೇಲಿನ ಮುದ್ರೆಗಳೆಲ್ಲ ಮಾರುವವನು ತಾನೇ ಬರೆಸಿಕೊಂಡ ಬಿರುದಾವಳಿ. ಅವುಗಳಿಗೆ ಬೆಲೆ ಕೊಡಬೇಕಾದುದಿಲ್ಲ.

ಮೂರನೆಯದಾಗಿ, ಬರೆದುಕೊಂಡಿರುವ ನಂಬರು ನಿಜವೇ ಎಂದು ವಿಚಾರಿಸಬೇಕು. ನಂಬರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದಷ್ಟೆ. ಸುಲಭವಾದ ಮೊದಲ ಪರೀಕ್ಷೆಯು ತೆರಿಗೆಯ ನಂಬರಿನದು. ಜಿಎಸ್‌ಟಿ ನಂಬರಿಗೆ 15 ಅಕ್ಷರಗಳು. ಅದರ ಮೊದಲ ಎರಡು ಅಂಕೆಗಳು ರಾಜ್ಯವನ್ನು ಸೂಚಿಸುತ್ತವೆ. ಕರ್ನಾಟಕದ್ದಾದರೆ 29. ಅಂಗಡಿಯು ಬೆಂಗಳೂರಿನದೆಂದು ಹೇಳಿಕೊಂಡು ನಂಬರು ಬೇರೆ ಅಂಕೆಗಳಿಂದ ಆರಂಭವಾದರೆ ಅಲ್ಲಿಯೇ ಒಂದು ಗಂಟು ಕಾಣುತ್ತದೆ. gst.gov.in ಎಂಬ ಸರ್ಕಾರಿ ತಾಣದಲ್ಲಿ ಆ ನಂಬರನ್ನು ಬರೆದು ಹುಡುಕಿದರೆ ವ್ಯಾಪಾರಿಯ ಕಾನೂನುಸಮ್ಮತ ಹೆಸರೂ, ನೋಂದಣಿಯು ಜೀವಂತವಾಗಿದೆಯೆ ಎಂಬುದೂ ಹೊರಬೀಳುತ್ತವೆ. ಇದರಿಂದ ವ್ಯಾಪಾರಿಯು ಇದ್ದಾನೆಂಬುದು ಮಾತ್ರ ಸಿದ್ಧವಾಗುವುದು. ಅವನಿಗೆ ಔಷಧದ ಲೈಸೆನ್ಸು ಉಂಟೆಂಬುದು ಸಿದ್ಧವಾಗುವುದಿಲ್ಲ. ಬಟ್ಟೆಯ ವ್ಯಾಪಾರಿಗೂ ಜಿಎಸ್‌ಟಿ ನಂಬರು ಇರುತ್ತದೆ.

ಲೈಸೆನ್ಸನ್ನು ಕೊಡುವವರು ರಾಜ್ಯದ ಔಷಧ ನಿಯಂತ್ರಣಾಧಿಕಾರಿಗಳು. ಜಿಲ್ಲೆಗಳಲ್ಲಿ ಸಹಾಯಕ ಔಷಧ ನಿಯಂತ್ರಕರ ಕಚೇರಿಗಳಿವೆ. ಅಂಗಡಿಯ ಹೆಸರು, ವಿಳಾಸ, ಎರಡು ನಮೂನೆಗಳ ನಂಬರು ಇವನ್ನು ಬರೆದು, “ಈ ಲೈಸೆನ್ಸು ಈ ವಿಳಾಸಕ್ಕೆ ಕೊಟ್ಟುದೇ? ಈಗ ಚಾಲ್ತಿಯಲ್ಲಿದೆಯೆ?” ಎಂದು ಆ ಕಚೇರಿಗೆ ಒಂದು ಕಾಗದವನ್ನೋ ಇಮೇಲನ್ನೋ ಕಳುಹಿಸುವುದರಲ್ಲಿ ಸಂಕೋಚ ಬೇಡ. ಒಮ್ಮೆ ಲೈಸೆನ್ಸು ಪಡೆದವನು 5 ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಅದನ್ನು ಉಳಿಸಿಕೊಳ್ಳಬೇಕು. ಅಮಾನತು ಆಗಿರುವುದೂ ರದ್ದಾಗಿರುವುದೂ ಉಂಟಾದುದರಿಂದ “ಚಾಲ್ತಿಯಲ್ಲಿದೆಯೆ” ಎಂಬ ಮಾತನ್ನು ಬಿಡಕೂಡದು. ಹಾಗೆಯೇ ಅಂಗಡಿಯ ಫಾರ್ಮಸಿಸ್ಟನ ಹೆಸರು ನೋಂದಣಿ ನಂಬರುಗಳನ್ನು ಕೇಳಿ ಪಡೆಯಬೇಕು. 1948ರ ಫಾರ್ಮಸಿ ಶಾಸನದಂತೆ ನೋಂದಾಯಿತ ಫಾರ್ಮಸಿಸ್ಟನ ಹೊರತು ಇನ್ನಾರೂ ವೈದ್ಯರ ಚೀಟಿಗೆ ಔಷಧ ಕೊಡುವಂತಿಲ್ಲ. ಆ ರಿಜಿಸ್ಟರು ರಾಜ್ಯದ ಫಾರ್ಮಸಿ ಕೌನ್ಸಿಲಿನಲ್ಲಿರುತ್ತದೆ. ನೇರವಾದ ಅಂಗಡಿಯವನು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಬೀದಿಯ ಅಂಗಡಿಯಲ್ಲಿ ಲೈಸೆನ್ಸನ್ನು ಜನರ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕೆಂಬುದು ಲೈಸೆನ್ಸಿನ ಷರತ್ತೇ ಆಗಿದೆ. ಅದರ ಚಿತ್ರವೊಂದನ್ನು ಕಳುಹಿಸುವುದಕ್ಕೆ ಅವನಿಗೇನು ಕಷ್ಟ?

ಈಗ ನೂರಕ್ಕೆ 40ರ ರಿಯಾಯಿತಿಯ ಮಾತಿಗೆ ಬರೋಣ. ಅಗ್ಗವಾದುದೆಲ್ಲ ನಕಲಿಯೆಂದು ನಾವು ಹೇಳುವುದಿಲ್ಲ. ಜನೌಷಧಿ ಕೇಂದ್ರಗಳ ಮದ್ದುಗಳು ಅಗ್ಗವಾಗಿಯೂ ಇವೆ, ಕಾನೂನಿಗೆ ಸಮ್ಮತವಾಗಿಯೂ ಇವೆ. ಹೆಸರು ಮಾಡದ ಕಂಪೆನಿಗಳ ಕೆಲವು ಮಾತ್ರೆಗಳ ಮೇಲೆ ಅಚ್ಚಾದ ಬೆಲೆಯೇ ಕೊಂಡ ಬೆಲೆಯ ಹಲವು ಪಟ್ಟು ಇರುವುದರಿಂದ ಅವುಗಳಲ್ಲಿ ದೊಡ್ಡ ರಿಯಾಯಿತಿಯು ಸಾಧ್ಯ. ಆದರೆ ಬೆಲೆ ನಿಯಂತ್ರಣಕ್ಕೆ ಒಳಪಟ್ಟ ಔಷಧಗಳ ಮಾತು ಬೇರೆ. 2013ರ ಬೆಲೆ ನಿಯಂತ್ರಣದ ಆಜ್ಞೆಯು ಅವುಗಳ ಗರಿಷ್ಠ ಬೆಲೆಯನ್ನು ಕಟ್ಟುವಾಗ ಚಿಲ್ಲರೆ ಅಂಗಡಿಯವನ ಲಾಭವನ್ನು ನೂರಕ್ಕೆ 16ರಂತೆ ಎಣಿಸಿದೆ. ನಮ್ಮ ಶಿರಸ್ತೇದಾರರ ಪತ್ನಿಯ ಮಿಶ್ರ ಇನ್ಸುಲಿನ್ ಅಂಥ ಔಷಧಗಳಲ್ಲೊಂದು. ಪ್ರಸಿದ್ಧ ಕಂಪೆನಿಯ ಅದೇ ಸೀಸೆಯನ್ನು, ತಣ್ಣನೆಯ ಪೆಟ್ಟಿಗೆಯ ಸಾಗಣೆಯ ವೆಚ್ಚವನ್ನೂ ಹೊತ್ತು, ನೂರಕ್ಕೆ 40 ಇಳಿಸಿ ಕೊಡುವವನಿಗೆ ಅದು ಯಾವ ದಾರಿಯಿಂದ ಬಂತು? ಅವಧಿ ಮುಗಿಯುವುದಕ್ಕೆ ಬಂದ ಮಾಲೋ, ಆಸ್ಪತ್ರೆಯ ಸರಬರಾಜಿನಿಂದ ಜಾರಿದ್ದೋ, ಕದ್ದದ್ದೋ, ನಕಲಿಯೋ? ರಿಯಾಯಿತಿಯು ಅಪರಾಧದ ಸಾಕ್ಷ್ಯವಲ್ಲ; ಆದರೆ ಪ್ರಶ್ನೆ ಕೇಳುವುದಕ್ಕೆ ಸಾಕಾದ ಕಾರಣ.

ಇಷ್ಟನ್ನು ದಾಟಿ ಔಷಧವನ್ನು ತರಿಸಿದ್ದಾಯಿತೆನ್ನೋಣ. ಪೊಟ್ಟಣವು ಬಂದಾಗ ಎರಡನೆಯ ವಿಚಾರಣೆ ಆರಂಭವಾಗುತ್ತದೆ. ಮೊದಲು ಬಿಲ್ಲನ್ನು ನೋಡಬೇಕು. ಅದರ ಮೇಲಿರುವ ಅಂಗಡಿಯು ನಾವು ವಿಚಾರಿಸಿದ ಅಂಗಡಿಯೇ ಆಗಿರಬೇಕು. ಲೈಸೆನ್ಸಿನ ನಂಬರು, ತಯಾರಕರ ಹೆಸರು, ಬ್ಯಾಚ್ ನಂಬರು, ಅವಧಿಯ ತಾರೀಖು ಇರಬೇಕು. ಆ ಬ್ಯಾಚ್ ನಂಬರು ಮಾತ್ರೆಯ ಸ್ಟ್ರಿಪ್ಪಿನ ಮೇಲಿನ ನಂಬರಿಗೂ, ಹೊರಗಿನ ಪೆಟ್ಟಿಗೆಯ ನಂಬರಿಗೂ ಅಕ್ಷರ ಅಕ್ಷರವಾಗಿ ಹೊಂದಬೇಕು. ಬಿಲ್ಲಿಲ್ಲದೆ ಬಂದ ಔಷಧಕ್ಕೆ ಹುಟ್ಟಿದೂರಿಲ್ಲ. ಬಿಲ್ಲಿನ ಬ್ಯಾಚು ಒಂದು, ಸ್ಟ್ರಿಪ್ಪಿನದು ಇನ್ನೊಂದು ಆದರೆ ಅದನ್ನು ಹಿಂದಿರುಗಿಸುವುದೇ ಸರಿ. ವೈದ್ಯರು ಬರೆದ ಪ್ರಮಾಣವೂ ಸರಿಯಾಗಿದೆಯೆ ನೋಡಬೇಕು. ನಮ್ಮ ದೇಶದಲ್ಲಿ ಇನ್ಸುಲಿನ್ ಒಂದು ಮಿಲಿಲೀಟರಿಗೆ 40 ಯೂನಿಟ್ಟಿನ ಸೀಸೆಯಲ್ಲಿಯೂ, 100 ಯೂನಿಟ್ಟಿನ ಕೊಳವೆ ಸೀಸೆಗಳಲ್ಲಿಯೂ ಬರುತ್ತದೆ. ಒಂದಕ್ಕೆ ಮಾಡಿದ ಸಿರಿಂಜಿನಲ್ಲಿ ಇನ್ನೊಂದನ್ನು ಎಳೆದರೆ ಔಷಧವು ಅಸಲಿಯಾಗಿದ್ದರೂ ಪ್ರಾಣಕ್ಕೆ ಅಪಾಯ.

ಇನ್ಸುಲಿನ್ನಿಗೆ ಇನ್ನೊಂದು ಪರೀಕ್ಷೆಯುಂಟು. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಷಿಯಸ್ ತಂಪಿನಲ್ಲಿಡಬೇಕು, ಅದು ಹೆಪ್ಪುಗಟ್ಟಲೂಕೂಡದು. ಬೇಸಗೆಯಲ್ಲಿ ಸಾಧಾರಣ ಲಕೋಟೆಯೊಳಗೆ ಎರಡು ದಿನ ಪ್ರಯಾಣಮಾಡಿ ಬಂದ ಸೀಸೆಯು ಅಸಲಿ ಕಂಪೆನಿಯದೇ ಆಗಿದ್ದರೂ ಅದನ್ನು ನಂಬಲಾಗದು. ಮಂಜಿನ ಗಡ್ಡೆಗೆ ತಾಗಿಕೊಂಡು ಹೆಪ್ಪುಗಟ್ಟಿ ಕರಗಿದ್ದೂ ಕೆಟ್ಟದ್ದೇ. ನೀರಿನಂತೆ ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ, ಅಥವಾ ಹಾಲಿನಂತಿರುವ ಮಿಶ್ರ ಇನ್ಸುಲಿನ್ ಮೆಲ್ಲಗೆ ಉರುಳಿಸಿದ ಮೇಲೂ ಒಂದೇ ಸಮನಾಗದೆ ಗಂಟುಗಂಟಾಗಿ ಸೀಸೆಯ ಗೋಡೆಗೆ ಅಂಟಿಕೊಂಡರೆ ಅದನ್ನು ಚುಚ್ಚಿಕೊಳ್ಳಬಾರದು. ಆದರೆ ಬಿಸಿಲಿಗೆ ಶಕ್ತಿ ಕುಂದಿದ ಇನ್ಸುಲಿನ್ ಕಣ್ಣಿಗೆ ಚೆನ್ನಾಗಿಯೇ ಕಾಣಬಹುದು. ಅದಕ್ಕಾಗಿಯೇ ತಣ್ಣನೆಯ ಪೆಟ್ಟಿಗೆಯಲ್ಲಿ ಕಳುಹಿಸುವರೇ ಎಂಬುದನ್ನು ಮೊದಲೇ ಕೇಳಿ ಬರೆಸಿಕೊಳ್ಳತಕ್ಕದ್ದು. ಹತ್ತಿರದ ಅಂಗಡಿಯಲ್ಲಿ ಸಿಕ್ಕುವಾಗ ಇನ್ಸುಲಿನ್ನನ್ನು ಅಲ್ಲಿಯೇ ಕೊಂಡು, ಮಾತ್ರೆಗಳನ್ನು ಬೇಕಾದರೆ ಆನ್‌ಲೈನಿನಲ್ಲಿ ತರಿಸುವುದು ವಿವೇಕವೆಂದು ನಮಗೆ ತೋರುತ್ತದೆ.

ಇನ್ನು ಮಾತ್ರೆಯ ಪೊಟ್ಟಣದ ಮೇಲಿನ ಕ್ಯೂಆರ್ ಕೋಡ್. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳ ಮೇಲೆ ಇಂಥ ಕೋಡನ್ನು ಅಚ್ಚುಹಾಕಬೇಕೆಂದು ಸರ್ಕಾರದವರು ವಿಧಿಸಿದ್ದಾರೆ. ಮೊಬೈಲಿನಿಂದ ಓದಿದರೆ ಔಷಧದ ಹೆಸರು, ತಯಾರಕರ ಹೆಸರು ವಿಳಾಸ, ಬ್ಯಾಚು, ತಯಾರಿಕೆಯ ಮತ್ತು ಅವಧಿಯ ತಾರೀಖುಗಳು, ತಯಾರಿಕೆಯ ಲೈಸೆನ್ಸಿನ ನಂಬರು ತೋರಬೇಕು. ಅಚ್ಚಿನ ಮಾತೂ ಕೋಡಿನ ಮಾತೂ ಬೇರೆಯಾದರೆ ಅದು ನಕಲಿಯ ಬಲವಾದ ಗುರುತು. ಆದರೆ ಎರಡೂ ಒಂದೇ ಆದ ಮಾತ್ರಕ್ಕೆ ಅದು ಅಸಲಿಯೆಂದು ನಿಶ್ಚಯಿಸುವಂತಿಲ್ಲ. ಪೊಟ್ಟಣವನ್ನು ನಕಲುಮಾಡಬಲ್ಲವನು ಅದರ ಮೇಲಿನ ಕೋಡನ್ನೂ ನಕಲುಮಾಡಬಲ್ಲನು. ಮೇಲಾಗಿ ಕೋಡಿಲ್ಲದ ಔಷಧವೆಲ್ಲ ನಕಲಿಯಲ್ಲ. 300ರ ಪಟ್ಟಿಯ ಹೊರಗಿನ ಬ್ರಾಂಡುಗಳಿಗೆ ಈ ವಿಧಿ ತಾಗುವುದಿಲ್ಲ.

ಪೊಟ್ಟಣದ ಪರೀಕ್ಷೆಗೆ ಮಿತಿ ಎಷ್ಟೆಂಬುದನ್ನು ತೋರಿಸುವುದಕ್ಕೆ 2024ರಲ್ಲಿ ಬಯಲಿಗೆ ಬಂದ ಎರಡು ಪ್ರಕರಣಗಳು ಸಾಕು. ಆ ವರ್ಷ ತೆಲಂಗಾಣದ ಔಷಧ ನಿಯಂತ್ರಣಾಧಿಕಾರಿಗಳು ಕೆಲವು ಆಂಟಿಬಯಾಟಿಕ್ ಮಾತ್ರೆಗಳನ್ನು ವಶಪಡಿಸಿಕೊಂಡರು. ಅವುಗಳಲ್ಲಿ ಸೀಮೆಸುಣ್ಣದ ಪುಡಿ ಮತ್ತು ಪಿಷ್ಟ ತುಂಬಿದ್ದುವು; ಪೊಟ್ಟಣದ ಮೇಲೆ ಹಿಮಾಚಲ ಪ್ರದೇಶದ ಒಂದು ಕಂಪೆನಿಯ ಹೆಸರೂ ವಿಳಾಸವೂ ಅಚ್ಚಾಗಿದ್ದುವು; ವಿಚಾರಿಸಿದರೆ ಅಂಥ ಕಂಪೆನಿಯೇ ಇರಲಿಲ್ಲ. ಇಲ್ಲಿ ತಯಾರಕರ ಹೆಸರನ್ನು ವಿಚಾರಿಸಿದ್ದರೆ ಮೋಸವು ಗೊತ್ತಾಗುತ್ತಿತ್ತು. ಎರಡನೆಯದು ಇನ್ನೂ ಘೋರವಾದುದು. 2024ರ ಮಾರ್ಚಿನಲ್ಲಿ ದೆಹಲಿಯ ಪೋಲೀಸರು ಒಂದು ತಂಡವನ್ನು ಹಿಡಿದರು. ಬೆಲೆಬಾಳುವ ಕ್ಯಾನ್ಸರಿನ ಚುಚ್ಚುಮದ್ದಿನ ಖಾಲಿ ಸೀಸೆಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಶಿಲೀಂಧ್ರರೋಗಕ್ಕೆ ಕೊಡುವ ಅಗ್ಗದ ಔಷಧವನ್ನು ತುಂಬಿ, ರೋಗಿಗಳಿಗೆ ಮಾರಿದರೆಂಬುದು ಅವರ ಮೇಲಿನ ಆರೋಪ. ಸೀಸೆ ಅಸಲಿ, ಲೇಬಲು ಅಸಲಿ, ಬ್ಯಾಚು ಅಸಲಿ, ಒಳಗಿನದೊಂದೇ ನಕಲಿ. ಇಂಥಲ್ಲಿ ಯಾವ ಕಣ್ಣಿನ ಪರೀಕ್ಷೆಯೂ ನಡೆಯದು. ತಯಾರಕನಿಂದ ಸಗಟಿನವನಿಗೆ, ಸಗಟಿನವನಿಂದ ಅಂಗಡಿಗೆ, ಅಂಗಡಿಯಿಂದ ರೋಗಿಗೆ ಬಿಲ್ಲಿನ ಮೇಲೆ ಬಿಲ್ಲು ಕೂಡಿಕೊಂಡು ಬಂದ ದಾರಿಯೊಂದೇ ಆಧಾರ. ಮಾರುವವನ ವಿಳಾಸವನ್ನು ನಾವು ಇಷ್ಟು ಒತ್ತಿ ಹೇಳುವುದು ಅದಕ್ಕಾಗಿಯೇ. ಬಳಸಿ ಮುಗಿದ ಚುಚ್ಚುಮದ್ದಿನ ಸೀಸೆಯ ಲೇಬಲನ್ನು ಹರಿದು ಹಾಕದೆ ಯಾರಿಗೂ ಕೊಡಬಾರದೆಂಬುದನ್ನೂ ಇದರಿಂದಲೇ ಕಲಿಯಬೇಕು.

ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯವರು cdsco.gov.in ಎಂಬ ತಮ್ಮ ತಾಣದಲ್ಲಿ ತಿಂಗಳು ತಿಂಗಳೂ ಪರೀಕ್ಷೆಯಲ್ಲಿ ಸೋತ ಔಷಧಗಳ ಪಟ್ಟಿಯನ್ನು ಬ್ಯಾಚ್ ನಂಬರಿನ ಸಮೇತ ಪ್ರಕಟಿಸುತ್ತಾರೆ. ಗುಣಮಟ್ಟವಿಲ್ಲದವು ಒಂದು ಪಟ್ಟಿ, ನಕಲಿಯವು ಇನ್ನೊಂದು. ನಕಲಿಯ ಪಟ್ಟಿಯಲ್ಲಿ ಕೆಲವು ಕಡೆ, ಪೊಟ್ಟಣದ ಮೇಲೆ ಹೆಸರಿರುವ ತಯಾರಕರೇ “ಈ ಬ್ಯಾಚನ್ನು ನಾವು ತಯಾರಿಸಿಲ್ಲ” ಎಂದು ತಿಳಿಸಿರುವುದಾಗಿ ಬರೆದಿರುತ್ತದೆ. ಕೈಯಲ್ಲಿರುವ ಸ್ಟ್ರಿಪ್ಪಿನ ಬ್ಯಾಚು ಆ ಪಟ್ಟಿಯಲ್ಲಿ ಇದ್ದರೆ ಅದನ್ನು ಉಪಯೋಗಿಸಕೂಡದು. ಇಲ್ಲದಿದ್ದರೆ ನಿರ್ದೋಷಿಯೆಂದು ಅರ್ಥವಲ್ಲ; ಅದು ಪರೀಕ್ಷೆಗೆ ಹೋಗಿಲ್ಲದಿರಬಹುದು.

ಸಂಶಯ ಬಂದಮೇಲೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಔಷಧ ಸೇವನೆಯನ್ನೇ ನಿಲ್ಲಿಸಿ ಕುಳಿತುಕೊಳ್ಳುವುದಲ್ಲ. ಇನ್ಸುಲಿನ್ನನ್ನೋ ರಕ್ತದ ಒತ್ತಡದ ಮಾತ್ರೆಯನ್ನೋ ಒಮ್ಮೆಗೇ ಬಿಟ್ಟರೆ ನಕಲಿಯಿಂದಾಗುವ ಕೇಡೇ ಇದರಿಂದಲೂ ಆದೀತು. ಅದೇ ದಿನ ಊರಿನ ಅಂಗಡಿಯಿಂದ ಬೇರೆ ಪೊಟ್ಟಣವನ್ನು ತಂದು, ವೈದ್ಯರಿಗೆ ಸಂಗತಿಯನ್ನು ತಿಳಿಸಬೇಕು. ಸಂಶಯದ ಪೊಟ್ಟಣವನ್ನು ಎಸೆಯದೆ, ಉಳಿದ ಮಾತ್ರೆ, ಪೆಟ್ಟಿಗೆ, ಬಿಲ್ಲು, ಕೊರಿಯರಿನ ಲಕೋಟೆ ಎಲ್ಲವನ್ನೂ ಹಾಗೆಯೇ ಜೋಪಾನವಾಗಿಟ್ಟು, ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರಿಗೆ ಲಿಖಿತವಾಗಿ ದೂರು ಕೊಡತಕ್ಕದ್ದು. ಇದಲ್ಲದೆ 1940ರ ಶಾಸನದ 26ನೆಯ ಸೆಕ್ಷನ್ನು ಸಾಮಾನ್ಯ ಪ್ರಜೆಗೆ ಒಂದು ಹಕ್ಕನ್ನು ಕೊಟ್ಟಿದೆ: ತಾನು ಕೊಂಡ ಔಷಧವನ್ನು ಗೊತ್ತಾದ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರ ಪರೀಕ್ಷೆಗೆ ಒಪ್ಪಿಸಿ, ಅವರ ರುಜುವುಳ್ಳ ವರದಿಯನ್ನು ಪಡೆಯಬಹುದು. ಮಾನ್ಯತೆ ಪಡೆದ ಗ್ರಾಹಕರ ಸಂಘಗಳಿಗೂ ಈ ಹಕ್ಕು ಉಂಟು. ಇಷ್ಟು ಬೆಲೆಯುಳ್ಳ ಹಕ್ಕು ಪುಸ್ತಕದಲ್ಲಿ ಮಲಗಿರುವುದು ವಿಷಾದಕರ. ಬಿಲ್ಲಿಲ್ಲದವನಿಗೆ ಮಾತ್ರ “ನಾನು ಕೊಂಡದ್ದು ಇಂಥವನಿಂದ” ಎಂದು ಸ್ಥಾಪಿಸುವ ಮಾರ್ಗವೇ ಇರುವುದಿಲ್ಲ.

ಇಷ್ಟನ್ನೆಲ್ಲ ಕಾಯಿಲೆಯವನೇ ಮಾಡಬೇಕೆ ಎಂದು ವಾಚಕರು ಕೇಳುವರು. ಆ ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರ ಕೊಡಬೇಕಾದವರು ಅಧಿಕಾರದಲ್ಲಿರುವವರು. ಲೈಸೆನ್ಸಿನ ರಿಜಿಸ್ಟರು ಸರ್ಕಾರದ ಕಚೇರಿಯಲ್ಲಿಯೇ ಇದೆ. ನಂಬರನ್ನು ಬರೆದರೆ ಅಂಗಡಿಯ ಹೆಸರು, ವಿಳಾಸ, ನಮೂನೆ, ಫಾರ್ಮಸಿಸ್ಟನ ಹೆಸರು, ಚಾಲ್ತಿಯಲ್ಲಿದೆಯೆ ಎಂಬ ಐದು ಸಂಗತಿಗಳನ್ನು ಕನ್ನಡದಲ್ಲಿ ಯಾವ ಪ್ರಜೆಗಾದರೂ ಒಡನೆಯೇ ತೋರಿಸುವಂತೆ ಏರ್ಪಡಿಸುವುದು ನಮ್ಮ ರಾಜ್ಯದ ಅಧಿಕಾರಿಗಳಿಗೆ ಅಸಾಧ್ಯವಲ್ಲ. ಜಾಲತಾಣವು ಹಣ ಕಟ್ಟಿಸಿಕೊಳ್ಳುವ ಮುನ್ನವೇ, ಮಾರುವ ಅಂಗಡಿಯ ಹೆಸರನ್ನೂ ಲೈಸೆನ್ಸಿನ ನಂಬರನ್ನೂ ದಪ್ಪ ಅಕ್ಷರಗಳಲ್ಲಿ ತೋರಿಸಬೇಕೆಂದು ವಿಧಿಸುವುದು ಕೇಂದ್ರ ಸರ್ಕಾರದವರಿಗೂ ಅಸಾಧ್ಯವಲ್ಲ. 2018ರಲ್ಲಿ ಕರಡು ಬರೆದವರು ಅದನ್ನು ಕಾನೂನಾಗಿ ಮಾಡಬೇಕು. ಒಪ್ಪಿಗೆಯಿಲ್ಲದಿದ್ದರೆ ಅದನ್ನು ಹಿಂದಕ್ಕೆ ತೆಗೆದುಕೊಂಡು ಬೇರೊಂದನ್ನು ಮಾಡಬೇಕು. ಮಾಡಿಯೂ ಮಾಡದಂತಿರುವ ಈ ಸ್ಥಿತಿಯು ಕಳ್ಳನಿಗೆ ಮಾತ್ರ ಅನುಕೂಲ.

ಆ ದಿನ ಬರುವವರೆಗೆ ನಮ್ಮ ಶಿರಸ್ತೇದಾರರಂಥ ಗೃಹಸ್ಥರು ತಮ್ಮ ಮನೆಯ ಹಣವನ್ನೂ ಆರೋಗ್ಯವನ್ನೂ ತಾವೇ ಕಾಯ್ದುಕೊಳ್ಳಬೇಕಾಗಿದೆ. ಅವರಿಗೆ ನಾವು ಹೇಳುವುದಿಷ್ಟೆ: ಚೀಟಿ ಕೇಳದವನಲ್ಲಿ ಕೊಳ್ಳಬೇಡಿರಿ, ಬೀದಿಯ ಹೆಸರು ಹೇಳದವನಲ್ಲಿ ಕೊಳ್ಳಬೇಡಿರಿ, ಇನ್ಸುಲಿನ್ನಿಗೆ ನಮೂನೆ 21ರ ನಂಬರನ್ನು ಕೇಳಿರಿ, ಬಿಲ್ಲಿನ ಬ್ಯಾಚನ್ನು ಸ್ಟ್ರಿಪ್ಪಿನ ಬ್ಯಾಚಿಗೆ ಹೋಲಿಸದೆ ಮೊದಲ ಮಾತ್ರೆಯನ್ನು ಬಾಯಿಗಿಡಬೇಡಿರಿ, ಕಡೆಯ ಮಾತ್ರೆ ಮುಗಿಯುವವರೆಗೆ ಬಿಲ್ಲನ್ನು ಹರಿಯಬೇಡಿರಿ.